ಹದಿನಾರು ಬಿಟ್‌ನಲ್ಲಿ ಒಂದು ತಾರೀಖು

ಕೆಲವು ವರ್ಷದ ಹಿಂದೆ ಹಳೇ ಫ್ಲಾಪಿಗಳಲ್ಲಿ ಯಾವ ಫೈಲ್ ಯಾವಾಗಿನದು ಅಂತ ಪಟ್ಟಿ ಮಾಡೋಕೆ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಓಡಿಸಿದ್ರೆ ಒಂದು ಫೈಲಿನ ತಿಂಗಳು 24 ಅಂತ ಬಂತು! ತಪ್ಪು ಫ್ಲಾಪಿಯದಲ್ಲ, ನನ್ನದೇ. ಅದನ್ನ ಹುಡುಕ್ತಾ ಹೋದಾಗ ಸಿಕ್ಕ ಕಥೆ ಇವತ್ತಿನದು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಡಾಸ್, ಪ್ರತಿ ಫೈಲಿನ ತಾರೀಖನ್ನ ಎರಡೇ ಬೈಟ್‌ನಲ್ಲಿ, ಅಂದ್ರೆ 16 ಬಿಟ್‌ನಲ್ಲಿ ಇಡ್ತಿತ್ತು. ಬಲಗಡೆಯ 5 ಬಿಟ್ ದಿನಕ್ಕೆ, ನಡುವಿನ 4 ಬಿಟ್ ತಿಂಗಳಿಗೆ, ಎಡಗಡೆಯ 7 ಬಿಟ್ ವರ್ಷಕ್ಕೆ. ವರ್ಷವನ್ನ ಎಣಿಸೋದು 1980ರಿಂದ. ಫ್ಲಾಪಿಯಲ್ಲಿ ಜಾಗ ಅಷ್ಟು ಬಿಗಿ ಇತ್ತು.

ಪಿಸಿ ಘೋಷಣೆಯಾದ ದಿನವನ್ನೇ ತಗೊಳ್ಳೋಣ, 1981ರ ಆಗಸ್ಟ್ 12. ವರ್ಷ 1, ತಿಂಗಳು 8, ದಿನ 12. ಒಟ್ಟಿಗೆ ಜೋಡಿಸಿದ್ರೆ ಹೀಗಿರುತ್ತೆ:

```
0000001 1000 01100   = 030Ch
```

ಇದರಿಂದ ತಿಂಗಳನ್ನ ಹೊರಗೆ ತೆಗೀಬೇಕು. ಮೊದಲು ಇಡೀ ಸಂಖ್ಯೆಯನ್ನ 5 ಮನೆ ಬಲಕ್ಕೆ ತಳ್ಳಬೇಕು, ಅದು ಶಿಫ್ಟ್. ದಿನದ ಬಿಟ್‌ಗಳು ಅಂಚಿನಿಂದ ಬಿದ್ದುಹೋಗ್ತವೆ. ಉಳಿಯೋದು 24. ಯಾಕೆ ಅಂದ್ರೆ ವರ್ಷದ ಆ ಒಂದು ಬಿಟ್ ತಿಂಗಳ ಎಡಕ್ಕೆ ಇನ್ನೂ ಅಂಟಿಕೊಂಡಿದೆ, 16 ಪ್ಲಸ್ 8. ನಾನು ಅಲ್ಲಿಗೇ ನಿಲ್ಲಿಸಿದ್ದೆ. ಆಮೇಲೆ ಕೊನೆಯ 4 ಬಿಟ್ ಮಾತ್ರ ಉಳಿಸಿ ಮಿಕ್ಕಿದ್ದನ್ನ ಸೊನ್ನೆ ಮಾಡೋ ಮಾಸ್ಕ್ ಹಾಕಬೇಕಿತ್ತು, ಅಂದ್ರೆ 15ರ ಜೊತೆ `AND`. ಆಗ ಬರುತ್ತೆ 8.

ವಾಪಸ್ ತುಂಬುವಾಗಲೂ ಇಂಥದ್ದೇ ಒಂದು ಗುಂಡಿ ಇದೆ. ಆಗಸ್ಟ್ ಇದ್ದ ಜಾಗಕ್ಕೆ ಜುಲೈ ಹಾಕಬೇಕು ಅನ್ನಿ. ಹಳೇ 8ನ್ನ ಮೊದಲು ಅಳಿಸದೆ ನೇರವಾಗಿ 7ರ ಜೊತೆ `OR` ಮಾಡಿದ್ರೆ 1000, 0111 ಎರಡೂ ಸೇರಿ 1111 ಆಗುತ್ತೆ. ಹದಿನೈದನೇ ತಿಂಗಳು!

ಈಗ ರೊಟೇಟ್ ವಿಷಯ. ಪಿಸಿಯಲ್ಲಿದ್ದ ಇಂಟೆಲ್ 8088ಕ್ಕೆ "5 ಮನೆ ತಳ್ಳು" ಅಂತ ಒಂದೇ ಮಾತಲ್ಲಿ ನೇರವಾಗಿ ಹೇಳೋಕೆ ಆಗ್ತಿರಲಿಲ್ಲ. ಒಂದೊಂದೇ ಮನೆ ತಳ್ಳಬೇಕು, ಇಲ್ಲಾ 5 ಅನ್ನೋದನ್ನ `CL` ರಿಜಿಸ್ಟರ್‌ನಲ್ಲಿ ಇಟ್ಟು ತಳ್ಳಬೇಕು. ಎರಡನೇ ದಾರಿಗೆ 8 ಕ್ಲಾಕ್, ಮೇಲೆ ಪ್ರತಿ ಮನೆಗೆ 4. ಐದು ಮನೆಗೆ 28 ಆಯ್ತು. ಆದ್ರೆ `AX` ರಿಜಿಸ್ಟರ್‌ನ ಮೇಲಿನ ಅರ್ಧವನ್ನ `AH` ಅಂತ ಬೇರೆಯಾಗೇ ಮುಟ್ಟಬಹುದು. ಹಾಗಾಗಿ ಬಲಕ್ಕೆ ಐದು ಮನೆ ಹೋಗೋ ಬದಲು ಎಡಕ್ಕೆ ಮೂರು ಮನೆ ತಿರುಗಿಸಿದ್ರೆ ತಿಂಗಳು ನೇರ `AH`ನ ಬಲ ಅಂಚಿಗೆ ಬಂದು ಕೂರುತ್ತೆ:

```
ROL AX,1
ROL AX,1
ROL AX,1
AND AH,0Fh
```

ಎಡದಿಂದ ಹೊರಬಿದ್ದ ಬಿಟ್‌ಗಳು ಬಲದಿಂದ ಒಳಗೆ ಬರ್ತವೆ, ಆದ್ರೆ ಅವು ಕೆಳಗಿನ ಅರ್ಧಕ್ಕೆ ಹೋಗೋದ್ರಿಂದ ನಮಗೆ ತೊಂದರೆ ಇಲ್ಲ. ನಮ್ಮ ಉದಾಹರಣೆಯಲ್ಲಿ 030C ಹೋಗಿ 1860 ಆಗುತ್ತೆ, ಮೇಲಿನ ಅರ್ಧ 18, ಮಾಸ್ಕ್ ಹಾಕಿದ್ರೆ 8. ತಿರುಗಿಸೋಕೆ ಬರೀ 6 ಕ್ಲಾಕ್. ಆದ್ರೆ ಇದು ಕೈಪಿಡಿಯ ಲೆಕ್ಕ. 8088ಕ್ಕೆ ಮೆಮೊರಿಯಿಂದ ಒಂದೊಂದು ಬೈಟ್ ತರೋಕೇ 4 ಕ್ಲಾಕ್ ಬೇಕಿತ್ತು, ಮೂರು `ROL` ಅಂದ್ರೆ 6 ಬೈಟ್. ಹಾಗಾಗಿ ನಿಜವಾದ ಉಳಿತಾಯ ಅಷ್ಟು ದೊಡ್ಡದಿರಲಿಲ್ಲ ಅಂತ ನನಗೆ ಅನ್ಸುತ್ತೆ. ವರ್ಷ ತೆಗಿಯೋದಂತೂ ಇನ್ನೂ ಸುಲಭ, `AH`ನ ಒಂದೇ ಮನೆ ಬಲಕ್ಕೆ ತಳ್ಳಿದ್ರೆ ಮುಗೀತು.

ತಿರುಗಿಸೋದು, ಮಾಸ್ಕ್ ಹಾಕೋದು ಯಾವಾಗಲೂ ಜೋಡಿಯಾಗೇ ಬರ್ತವೆ ಅಲ್ವಾ? ಐಬಿಎಂ ಆ ಎರಡನ್ನೂ ಒಂದೇ ಇನ್‌ಸ್ಟ್ರಕ್ಷನ್ ಮಾಡ್ತು. 1990ರ ದಶಕದ ಪವರ್‌ಪಿಸಿ ಚಿಪ್‌ಗಳಲ್ಲಿ ನಮ್ಮ ತಿಂಗಳು ಒಂದೇ ಸಾಲು:

```
rlwinm r4,r3,27,28,31
```

32 ಬಿಟ್‌ನಲ್ಲಿ ಎಡಕ್ಕೆ 27 ತಿರುಗಿಸೋದು ಅಂದ್ರೆ ಬಲಕ್ಕೆ 5. ಕೊನೆಯ ಎರಡು ಸಂಖ್ಯೆ ಮಾಸ್ಕ್‌ನ ಆರಂಭ, ಅಂತ್ಯ. ಐಬಿಎಂನವರು ಬಿಟ್‌ಗಳನ್ನ ಎಡದಿಂದ ಸೊನ್ನೆ ಅಂತ ಎಣಿಸ್ತಾರೆ, ಅದಕ್ಕೇ ಬಲ ತುದಿ 31. ಇಂಟೆಲ್ ಅಭ್ಯಾಸದವರಿಗೆ ಇಲ್ಲೇ ತಲೆ ಕೆಡೋದು.

ಇನ್ನೊಂದು ತಪ್ಪು ಇದೆ, ಅದು ಇವತ್ತು ಕಾಣಲ್ಲ. ಬಲಕ್ಕೆ ತಳ್ಳೋದ್ರಲ್ಲಿ ಎರಡು ಬಗೆ. `SHR` ಎಡಗಡೆ ಸೊನ್ನೆ ತುಂಬುತ್ತೆ. `SAR` ಸಂಖ್ಯೆಯ ಚಿಹ್ನೆ ಉಳಿಸೋಕೆ ಎಡತುದಿಯ ಬಿಟ್ಟನ್ನೇ ಮತ್ತೆ ಮತ್ತೆ ತುಂಬುತ್ತೆ. ವರ್ಷದ ಸಂಖ್ಯೆ 64 ಮುಟ್ಟೋವರೆಗೂ ಎಡತುದಿ ಸೊನ್ನೆಯೇ, ಎರಡಕ್ಕೂ ಉತ್ತರ ಒಂದೇ. 1980ಕ್ಕೆ 64 ಸೇರಿಸಿದ್ರೆ 2044. ಆ ಜನವರಿ 1ರಂದು ಎಡತುದಿಗೆ ಮೊದಲ ಸಲ 1 ಬರುತ್ತೆ. `SAR` ಬಳಸಿ, ಮಾಸ್ಕ್ ಹಾಕದ ಪ್ರೋಗ್ರಾಂಗೆ ಅದು ಮೈನಸ್ 64 ಆಗಿ ಕಾಣುತ್ತೆ, ಫೈಲಿನ ವರ್ಷ 1916 ಅಂತ ತೋರಿಸುತ್ತೆ. ಸಿ ಭಾಷೆಯಲ್ಲಿ ತಾರೀಖನ್ನ `short` ಅಂತ ಬರೆದು 9 ಮನೆ ತಳ್ಳಿದ್ರೂ ಸಾಮಾನ್ಯವಾಗಿ ಇದೇ ಆಗೋದು, `unsigned short` ಅಂದ್ರೆ ಸರಿ. ನನ್ನ ಪ್ರೋಗ್ರಾಂ ಮತ್ತೆ ತೆಗೆದು ನೋಡಿದೆ. ಬರೀ `short` ಇತ್ತು. ಗಡಿಯಾರವನ್ನ 2044ಕ್ಕೆ ತಿರುಗಿಸಿ ಒಂದು ಖಾಲಿ ಫೈಲ್ ಮಾಡಿ ಓಡಿಸಿದೆ, 1916 ಅಂತಲೇ ಬಂತು.