ಸಣ್ಣಕ್ಷರಕ್ಕೆ ಕಪ್ಪು: ಒಂಟಿ ಕಪ್ಪು, ಬೆರಕೆ ಕಪ್ಪು

ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಕೊಡುವ ಪಿಡಿಎಫ್‌ನಲ್ಲಿ ಸಣ್ಣಕ್ಷರಕ್ಕೆ ಒಂಟಿ ಕಪ್ಪೇ (`C=0 M=0 Y=0 K=100`) ಸರಿ. `C=60 M=40 Y=40 K=100` ಎಂಬಂಥ ಬೆರಕೆ ಕಪ್ಪನ್ನು ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಒತ್ತುತ್ತವೆ; ಕಾಗದ ಹಿಗ್ಗಿಯೋ ಜರುಗಿಯೋ ಒಂದು ಪ್ಲೇಟು 0.1 ಮಿ.ಮೀ. ಸರಿದರೂ ಅಕ್ಷರದ ಅಂಚಿಗೆ ನೀಲಿ ಅಥವಾ ಕೆಂಪು ನೆರಳು ಮೂಡುತ್ತದೆ. ಕನ್ನಡದಲ್ಲಿ ಇದರ ಪೆಟ್ಟು ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೆಸರುಗಳಿರುವ ಜಾತ್ರೆಯ ಕರಪತ್ರವೊಂದನ್ನು 8 ಪಾಯಿಂಟಿನಲ್ಲಿ ಜೋಡಿಸಿದರೆ, ‘ಮುದ್ದೇಬಿಹಾಳ’ದ ದ-ಒತ್ತಿನ ಕಿರುಸಂದೇ ಮೊದಲು ಮುಚ್ಚಿಹೋಗುತ್ತದೆ.

ಒಂಟಿ ಕಪ್ಪು ಬೂದುಬಣ್ಣವಾಗಿ ಕಾಣುತ್ತದೆಂಬ ಆಕ್ಷೇಪ ದಪ್ಪ ಶೀರ್ಷಿಕೆಗೆ, ಅಗಲವಾದ ಕಪ್ಪು ಪಟ್ಟಿಗೆ ನಿಜ. ಅಲ್ಲಿ ಬೆರಕೆ ಕಪ್ಪು ಬಳಸಬಹುದು. ತೆಳುಗೆರೆಯಲ್ಲಿ ಮಾತ್ರ ಕಣ್ಣಿಗೆ ಬಣ್ಣದ ಆಳಕ್ಕಿಂತ ಅಂಚಿನ ಚೊಕ್ಕತನ ಮುಖ್ಯ. ಬಣ್ಣದ ಹಿನ್ನೆಲೆಯಿದ್ದರೆ ಬಿಳಿ ಅಂಚು ಇಣುಕಬಹುದೆಂಬ ಭಯಕ್ಕೆ ಉತ್ತರ ಓವರ್‌ಪ್ರಿಂಟ್: ಹಿನ್ನೆಲೆಯನ್ನು ಕೊರೆಯದೆ ಕಪ್ಪನ್ನು ಅದರ ಮೇಲೆಯೇ ಒತ್ತುವುದು. ವರ್ಡ್‌ನ ಆರ್‌ಜಿಬಿ ಕಪ್ಪು ಪರಿವರ್ತನೆಯಾಗುವಾಗ ಸದ್ದಿಲ್ಲದೆ ಬೆರಕೆಯಾಗುವುದುಂಟು. ಆದ್ದರಿಂದ ಅಕ್ರೊಬ್ಯಾಟ್‌ನ `Output Preview` ತೆರೆದು `Process Black` ಗುರುತನ್ನು ತೆಗೆಯಬೇಕು. ಅಕ್ಷರ ಪೂರ್ತಿ ಮಾಯವಾದರೆ ಅದು ಒಂಟಿ ಕಪ್ಪು, ಮಸುಕಾಗಿ ಉಳಿದರೆ ಬೆರಕೆ.