ಶಕವರ್ಷದಿಂದ ವಯೋನಿರ್ಣಯ

ಶಕಸಂಖ್ಯೆಗೆ ೭೮ನ್ನು ಕೂಡಿದರೆ ಕ್ರಿಸ್ತವರ್ಷವು ದೊರೆಯುವುದೆಂಬುದು ಸರ್ವವಿದಿತವಾದ ಸೂತ್ರ. ಆದರೆ ಒಬ್ಬನ ವಯಸ್ಸನ್ನು ನಿರ್ಣಯಿಸುವಲ್ಲಿ ಈ ಸೂತ್ರವೊಂದೇ ಸಾಲದು. ಸಂವತ್ಸರದ ಹೆಸರೂ ಮಾಸವೂ ಅದರೊಡನೆ ಸಾಕ್ಷಿ ನುಡಿಯಬೇಕು. ಇದಕ್ಕೆ ಆದಿಕವಿ ಪಂಪನ ಕಾಲವಿಚಾರವು ಒಳ್ಳೆಯ ನಿದರ್ಶನವಾಗಿದೆ.

ಪಂಪನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಹೇಳಿಕೊಂಡಿದ್ದಾನೆ, ಶಕಸಂಖ್ಯೆಯನ್ನು ಕೊಟ್ಟಿಲ್ಲ. ಆದಿಪುರಾಣವು ಮುಗಿದುದು ಶಕ ೮೬೩ರ ಪ್ಲವ ಸಂವತ್ಸರದಲ್ಲಿ. ದಕ್ಷಿಣದೇಶದ ಗಣನೆಯಂತೆ ಗತಶಕಕ್ಕೆ ೧೨ನ್ನು ಕೂಡಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷವು ಶೂನ್ಯವಾದರೆ ಅರುವತ್ತನೆಯದಾದ ಕ್ಷಯ. ೮೬೩ಕ್ಕೆ ೧೨ ಸೇರಿ ೮೭೫, ಶೇಷ ೩೫. ಮೂವತ್ತೈದನೆಯದು ಪ್ಲವವೇ ಆದುದರಿಂದ ಕವಿಯು ಕೊಟ್ಟುದು ಗತಶಕವೆಂದು ಸಿದ್ಧವಾಯಿತು. ಅದು ಕ್ರಿ.ಶ. ೯೪೧. ಅದೇ ಪ್ಲವಕ್ಕೆ ೮೬೪ ಎಂದು ಬರೆದಿದ್ದರೆ ಶೇಷವು ೩೬ ಆಗಿ ಹೆಸರಿಗಿಂತ ಒಂದು ಹೆಚ್ಚಾಗುತ್ತಿತ್ತು. ಆಗ ಅದನ್ನು ವರ್ತಮಾನಶಕವೆಂದು ತಿಳಿದು ೭೭ನ್ನು ಮಾತ್ರ ಕೂಡಬೇಕಾಗುತ್ತಿತ್ತು.

ದುಂದುಭಿಯು ಐವತ್ತಾರನೆಯದು. ಅದು ಶಕ ೭೬೪, ೮೨೪, ೮೮೪ ಹೀಗೆ ಅರುವತ್ತು ವರ್ಷಗಳಿಗೊಮ್ಮೆ ಬರುವುದು. ೮೮೪ ಕಾವ್ಯರಚನೆಗೆ ಈಚಿನದು. ೭೬೪ನ್ನು ಹಿಡಿದರೆ ಕವಿಗೆ ತೊಂಬತ್ತೊಂಬತ್ತು ವರ್ಷವಾಗಿ ಅಸಂಭಾವ್ಯವೆನಿಸುವುದು. ಆದುದರಿಂದ ಜನ್ಮವರ್ಷವು ಶಕ ೮೨೪, ಅಂದರೆ ಕ್ರಿ.ಶ. ೯೦೨-೩. ಎರಡು ಶಕಗಳ ಅಂತರವು ೩೯. ಆದರೆ ಜನ್ಮಮಾಸವು ತಿಳಿಯದಿರುವುದರಿಂದ, ಕಾವ್ಯವು ಮುಗಿದಾಗ ಅವನಿಗೆ ಮೂವತ್ತೆಂಟು ತುಂಬಿತ್ತೋ ಮೂವತ್ತೊಂಬತ್ತು ತುಂಬಿತ್ತೋ ಎಂಬುದನ್ನು ಈ ಲೆಕ್ಕದಿಂದ ಹೇಳಲಾಗದು.

ಮಾಸವು ತಿಳಿದಿರುವಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಈಗ ಬದುಕಿರುವವರ ಜಾತಕಗಳಿಗೂ ಇದೇ ಕ್ರಮವು ಅನ್ವಯಿಸುವುದು. ಬೆಂಗಳೂರಿನ ಸುಬ್ರಹ್ಮಣ್ಯಪುರದ ಒಂದು ಮನೆಯ ಜಾತಕದಲ್ಲಿ ‘ಶಕ ೧೮೭೦, ಸರ್ವಧಾರಿ, ಪುಷ್ಯ ಶುದ್ಧ ದಶಮಿ’ ಎಂದಿದೆಯೆಂದು ಭಾವಿಸೋಣ. ಶೇಷವು ೨೨, ಅದು ಸರ್ವಧಾರಿಯೇ ಆದುದರಿಂದ ಸಂಖ್ಯೆಯು ಸರಿ. ೭೮ನ್ನು ಕೂಡಿದರೆ ೧೯೪೮ ಬರುವುದು. ಆದರೆ ಶಕವರ್ಷವು ಯುಗಾದಿಗೆ ಮೊದಲಾಗುವುದರಿಂದ ಜನವರಿಯಿಂದ ಮುಂದಿನ ಯುಗಾದಿಯವರೆಗಿನ ದಿನಗಳಿಗೆ ೭೯ನ್ನು ಕೂಡಬೇಕು. ಆ ವರ್ಷದ ಪುಷ್ಯ ಶುದ್ಧ ದಶಮಿಯು ಜನವರಿಯಲ್ಲಿ ಬಿದ್ದುದರಿಂದ ಜನನವು ೧೯೪೯ರಲ್ಲಿ.

೨೦೨೫ರ ವಿಜಯದಶಮಿಯಂದು ನಡೆಯುತ್ತಿದ್ದುದು ಶಕ ೧೯೪೭. ಅದರಲ್ಲಿ ೧೮೭೦ನ್ನು ಕಳೆದರೆ ೭೭ ಉಳಿಯುವುದಾದರೂ ಆ ವರ್ಷದ ಪುಷ್ಯವಿನ್ನೂ ಬಂದಿರಲಿಲ್ಲ. ಆದಕಾರಣ ಅಂದು ಆ ವ್ಯಕ್ತಿಗೆ ತುಂಬಿದ್ದುದು ಎಪ್ಪತ್ತಾರೇ. ೧೯೪೯ರ ಜನವರಿಯಿಂದ ಎಣಿಸಿದರೂ ಅಷ್ಟೇ ಬರುವುದು; ೧೯೪೮ನ್ನು ಜನ್ಮವರ್ಷವೆಂದು ಹಿಡಿದವರಿಗೆ ಮಾತ್ರ ಒಂದು ವರ್ಷವು ಹೆಚ್ಚಾಗುವುದು.