ದಾರಿ ಕಾಣದೆ ಗುರಿ ಮುಟ್ಟುವ ಬಗೆ

1884ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ ಒಂದು ಸಣ್ಣ ಪ್ರಯೋಗವನ್ನು ವಿವರಿಸಿದರು. ಬಲು ಸಪೂರ ಗಾಜಿನ ನಳಿಕೆಯಲ್ಲಿ ಮಾಂಸದ ಸಾರ ತುಂಬಿ, ಅದರ ಬಾಯನ್ನು ಬ್ಯಾಕ್ಟೀರಿಯಾಗಳಿರುವ ನೀರಹನಿಯೊಳಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಬ್ಯಾಕ್ಟೀರಿಯಾಗಳು ನಳಿಕೆಯ ಬಾಯಿಗೆ ಮುತ್ತಿಕೊಂಡವು, ಆಮೇಲೆ ಒಳಗೂ ನುಗ್ಗಿದವು. ಬರೀ ನೀರು ತುಂಬಿದ ನಳಿಕೆಯ ಬಳಿ ಅಂಥ ಜಾತ್ರೆ ನೆರೆಯಲಿಲ್ಲ.

ಸಾರ ನಳಿಕೆಯ ಬಾಯಿಂದ ನಿಧಾನವಾಗಿ ಹೊರಗೆ ಹರಡುತ್ತದೆ. ಬಾಯಿಯ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಈ ಏರಿಳಿತವನ್ನು ಸಾಂದ್ರತೆಯ ಇಳಿಜಾರು ಎನ್ನೋಣ. ಬ್ಯಾಕ್ಟೀರಿಯಾ ಈ ಇಳಿಜಾರನ್ನು ಹತ್ತುತ್ತದೆ ಎಂಬುದು ಫೆಫರ್ ಅವರಿಗೆ ಖಚಿತವಾಗಿತ್ತು. ರಾಸಾಯನಿಕದತ್ತ ಹೀಗೆ ಸರಿಯುವುದಕ್ಕೆ ಇಂದು ಕೀಮೋಟ್ಯಾಕ್ಸಿಸ್ ಎನ್ನುತ್ತೇವೆ. ಆದರೆ ಹತ್ತುವುದು ಹೇಗೆ? ಕಣ್ಣಿಲ್ಲ, ಮೂಗಿಲ್ಲ, ನರವಿಲ್ಲ. ದೇಹದ ಉದ್ದ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗ. ಸಿಹಿ ಯಾವ ದಿಕ್ಕಿಗಿದೆ ಎಂದು ಅದಕ್ಕೆ ಹೇಳುವವರು ಯಾರು?

ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. ಫೆಫರ್ ಅವರ ನಳಿಕೆ ಗುಂಪನ್ನು ತೋರಿಸುತ್ತಿತ್ತೇ ಹೊರತು, ಗುಂಪು ಸೇರಿದ ಬಗೆಯನ್ನು ತೋರಿಸುತ್ತಿರಲಿಲ್ಲ. ಸಂಜೆ ಮೈದಾನದಲ್ಲಿ ಜನ ಸೇರಿದ್ದನ್ನು ನೋಡಿ, ಒಬ್ಬೊಬ್ಬರೂ ಯಾವ ದಾರಿ ಹಿಡಿದು ಬಂದರು ಎಂದು ಹೇಳಲು ಸಾಧ್ಯವೇ?

ಅದಕ್ಕೂ ಮೊದಲು ಇನ್ನೊಂದು ಅನುಮಾನ ತೀರಬೇಕಿತ್ತು. ಬ್ಯಾಕ್ಟೀರಿಯಾ ಸಕ್ಕರೆಯನ್ನು ನಿಜಕ್ಕೂ ಗುರುತಿಸುತ್ತದೆಯೋ, ಇಲ್ಲವೇ ಸಕ್ಕರೆ ತಿಂದಾಗ ಬರುವ ಶಕ್ತಿಯಿಂದ ಅದರ ಓಡಾಟ ಬದಲಾಗುತ್ತದೆಯೋ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಜೂಲಿಯಸ್ ಆಡ್ಲರ್ 1960ರ ದಶಕದಲ್ಲಿ ಇದನ್ನು ಕೈಗೆತ್ತಿಕೊಂಡರು. ಅವರು ಆರಿಸಿಕೊಂಡದ್ದು ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲೈ. ಉಪಕರಣ ಮಾತ್ರ ಫೆಫರ್ ಅವರದ್ದೇ ನಳಿಕೆ. ಆಡ್ಲರ್ ಅದಕ್ಕೆ ಎಣಿಕೆ ಸೇರಿಸಿದರು. ನಳಿಕೆಯನ್ನು ಸುಮಾರು ಒಂದು ಗಂಟೆ ಬ್ಯಾಕ್ಟೀರಿಯಾಗಳ ನಡುವೆ ಇಟ್ಟು, ತೆಗೆದು, ಹೊರಗೆ ಅಂಟಿದ್ದನ್ನು ತೊಳೆದು, ಒಳಗಿದ್ದದ್ದನ್ನು ತಟ್ಟೆಯ ಮೇಲೆ ಹರಡಿ ಬೆಳೆಸುವುದು. ಮಾರನೆಯ ದಿನ ಮೂಡಿದ ಚುಕ್ಕೆಗಳನ್ನು ಎಣಿಸಿದರೆ ಒಳಗೆ ಎಷ್ಟು ಹೋಗಿದ್ದವು ಎಂದು ಗೊತ್ತಾಗುತ್ತದೆ. ಸುಮ್ಮನೆ ಅಲೆಯುತ್ತ ಒಳಹೊಕ್ಕವೂ ಇರುವುದರಿಂದ, ಬರೀ ದ್ರಾವಣದ ನಳಿಕೆಯ ಎಣಿಕೆಯನ್ನು ಪಕ್ಕದಲ್ಲಿಟ್ಟು ಹೋಲಿಸಲೇಬೇಕು.

1969ರಲ್ಲಿ ಆಡ್ಲರ್ ಪ್ರಕಟಿಸಿದ ಫಲಿತಾಂಶ ನೇರವಾಗಿತ್ತು. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ ರೂಪಾಂತರಿಗಳೂ ಗ್ಯಾಲಕ್ಟೋಸಿನತ್ತ ಬಂದವು. ಗ್ಯಾಲಕ್ಟೋಸನ್ನು ಹೋಲುವ, ಆದರೆ ತಿಂದರೆ ದಕ್ಕದ ಅಣುಗಳೂ ಬ್ಯಾಕ್ಟೀರಿಯಾವನ್ನು ಸೆಳೆದವು. ಅತ್ತ, ಚೆನ್ನಾಗಿ ಅರಗುವ ಕೆಲವು ವಸ್ತುಗಳು ಸೆಳೆಯಲಿಲ್ಲ. ಅಂದರೆ ಹೊಟ್ಟೆ ತುಂಬಿದ್ದರಿಂದ ಬಂದ ಓಟ ಇದಲ್ಲ. ಅಣುವನ್ನು ಅದರ ಆಕಾರದಿಂದಲೇ ಹಿಡಿದು ಗುರುತಿಸುವ ಗ್ರಾಹಕಗಳು ಬ್ಯಾಕ್ಟೀರಿಯಾದಲ್ಲಿವೆ.

ಗ್ರಾಹಕ ಇದ್ದಮಾತ್ರಕ್ಕೆ ದಿಕ್ಕು ತಿಳಿಯುವುದಿಲ್ಲ. ಸುಲಭವಾಗಿ ಹೊಳೆಯುವ ಊಹೆ ಎಂದರೆ, ದೇಹದ ಮುಂದಿನ ತುದಿಗೂ ಹಿಂದಿನ ತುದಿಗೂ ಇರುವ ವ್ಯತ್ಯಾಸ ನೋಡಿ ಅದು ತಿರುಗುತ್ತದೆ ಎನ್ನುವುದು. ಲೆಕ್ಕ ಹಾಕಿ ನೋಡೋಣ. ಒಂದು ಮಿಲಿಮೀಟರಿಗೆ ಒಂದು ಪಟ್ಟು ಹೆಚ್ಚುವಂಥ ಇಳಿಜಾರು ಎಂದುಕೊಳ್ಳಿ. ಬ್ಯಾಕ್ಟೀರಿಯಾದ ಗಾತ್ರದಷ್ಟು ನೀರಿನಲ್ಲಿ ಸುಮಾರು 600 ಅಣುಗಳಿವೆ ಎನ್ನೋಣ, ಮುಂದಿನ ಅರ್ಧಕ್ಕೆ 300, ಹಿಂದಿನ ಅರ್ಧಕ್ಕೆ 300. ಈ ಎರಡು ಅರ್ಧಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಸಾವಿರದೊಂದು ಭಾಗ. ಹಾಗಾಗಿ ಇಳಿಜಾರಿನಿಂದ ಬರುವ ವ್ಯತ್ಯಾಸ 300ರಲ್ಲಿ ಸಾವಿರದೊಂದು ಪಾಲು, ಒಂದು ಅಣುವೂ ಇಲ್ಲ. ಆದರೆ ಅಣುಗಳು ತಮ್ಮಷ್ಟಕ್ಕೆ ಅಲೆಯುವುದರಿಂದ ಆ 300 ಎಂಬ ಎಣಿಕೆ ಕ್ಷಣಕ್ಷಣಕ್ಕೂ ಹದಿನೇಳರಷ್ಟು ಅತ್ತಿತ್ತ ಆಗುತ್ತಿರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಬಹಳ ಹೊತ್ತು ಎಣಿಸಿ ಸರಾಸರಿ ತೆಗೆದರೆ ಈ ಗದ್ದಲವೂ ತಗ್ಗುತ್ತದೆ. ಹಾಗಾಗಿ ಲೆಕ್ಕವೊಂದರಿಂದಲೇ ತೀರ್ಪು ಕೊಡುವಂತಿರಲಿಲ್ಲ. ಒಂದೇ ಒಂದು ಬ್ಯಾಕ್ಟೀರಿಯಾದ ಹಿಂದೆ ಬಿದ್ದು ನೋಡಬೇಕಿತ್ತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಣ್ಣಿಗೆ ಬಿದ್ದ ಒಂದೆರಡು ಸೆಕೆಂಡಿನಲ್ಲೇ ಮೇಲಕ್ಕೋ ಕೆಳಕ್ಕೋ ಸರಿದು ಮಸುಕಾಗಿಬಿಡುತ್ತದೆ.

ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿದ್ದ ಹೊವಾರ್ಡ್ ಬರ್ಗ್ ಭೌತವಿಜ್ಞಾನ ಓದಿದವರು. ಬ್ಯಾಕ್ಟೀರಿಯಾದ ಹಿಂದೆ ಮಸೂರ ಓಡುವ ಬದಲು, ಬ್ಯಾಕ್ಟೀರಿಯಾ ಇರುವ ಪುಟ್ಟ ಕೋಣೆಯೇ ಓಡುವಂಥ ಸೂಕ್ಷ್ಮದರ್ಶಕವನ್ನು ಅವರು ಕಟ್ಟಿದರು. ಬ್ಯಾಕ್ಟೀರಿಯಾ ಬಲಕ್ಕೆ ಸರಿದರೆ ಯಂತ್ರ ಕೋಣೆಯನ್ನು ಅಷ್ಟೇ ಎಡಕ್ಕೆ ಸರಿಸುತ್ತದೆ, ಮೇಲಕ್ಕೆ ಹೋದರೆ ಕೆಳಕ್ಕೆ. ನೋಡುವವರಿಗೆ ಬ್ಯಾಕ್ಟೀರಿಯಾ ನಿಂತಲ್ಲೇ ನಿಂತಿರುತ್ತದೆ, ಕೋಣೆ ಸರಿದ ಲೆಕ್ಕವೇ ಅದು ನಡೆದ ದಾರಿಯಾಗುತ್ತದೆ. 1972ರಲ್ಲಿ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಆ ದಾರಿಗಳನ್ನು ಪ್ರಕಟಿಸಿದರು.

ಇ. ಕೋಲೈ ಸುಮಾರು ಒಂದು ಸೆಕೆಂಡು ಹೆಚ್ಚುಕಡಿಮೆ ನೇರವಾಗಿ ಓಡುತ್ತದೆ. ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಒದ್ದಾಡಿ, ಎತ್ತಲೋ ಮುಖ ಮಾಡಿ ಮತ್ತೆ ಓಡುತ್ತದೆ. ಆಹಾರದ ಇಳಿಜಾರಿನಲ್ಲಿ ಬಿಟ್ಟಾಗಲೂ ಅದು ತಿರುಗಿದ ದಿಕ್ಕಿನಲ್ಲಿ ಆಯ್ಕೆಯ ಸುಳಿವು ಕಾಣಲಿಲ್ಲ. ಬದಲಾದದ್ದು ಒಂದೇ. ಸಿಹಿಯ ಕಡೆಗೆ ಹೋಗುತ್ತಿದ್ದಾಗ ಓಟ ಉದ್ದವಾಗುತ್ತಿತ್ತು, ಒದ್ದಾಟ ತಡವಾಗುತ್ತಿತ್ತು. ಸಿಹಿಯಿಂದ ದೂರ ಹೋಗುತ್ತಿದ್ದಾಗಿನ ಓಟ, ಇಳಿಜಾರೇ ಇಲ್ಲದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ಬ್ಯಾಕ್ಟೀರಿಯಾ ಚುಕ್ಕಾಣಿ ಹಿಡಿಯುವುದೇ ಇಲ್ಲ. ಸರಿಯಾದ ದಿಕ್ಕಿಗೆ ಆಕಸ್ಮಿಕವಾಗಿ ಹೊರಟಿದ್ದರೆ ತುಸು ಹೆಚ್ಚು ಹೊತ್ತು ಓಡುತ್ತದೆ, ಅಷ್ಟೆ. ಆ ಸಣ್ಣ ಲಾಭ ಓಟದಿಂದ ಓಟಕ್ಕೆ ಕೂಡುತ್ತ ಅದನ್ನು ನಳಿಕೆಯ ಬಾಯಿಗೆ ತಂದು ನಿಲ್ಲಿಸುತ್ತದೆ.

ಸರಿಯಾದ ದಿಕ್ಕಿಗೆ ಹೊರಟಿದ್ದೇನೆ ಎಂಬುದಾದರೂ ಅದಕ್ಕೆ ಹೇಗೆ ತಿಳಿಯಿತು? ಅದೇ ವರ್ಷ ಬರ್ಕ್ಲಿಯಲ್ಲಿ ರಾಬರ್ಟ್ ಮ್ಯಾಕ್‌ನಾಬ್ ಮತ್ತು ಡೇನಿಯಲ್ ಕೋಶ್‌ಲ್ಯಾಂಡ್ ಒಂದು ಜಾಣ ಉಪಾಯ ಮಾಡಿದರು. ಅವರ ಬ್ಯಾಕ್ಟೀರಿಯಾ ಇ. ಕೋಲೈಯ ಹತ್ತಿರದ ಬಂಧು ಸಾಲ್ಮೊನೆಲ್ಲಾ. ಅದಕ್ಕೆ ಸೆರಿನ್ ಎಂಬ ಅಮೈನೋ ಆಮ್ಲ ಬಲು ಇಷ್ಟ. ಬ್ಯಾಕ್ಟೀರಿಯಾ ಇರುವ ದ್ರಾವಣಕ್ಕೆ ಸೆರಿನ್ ಸೇರಿಸಿ ಕ್ಷಣಮಾತ್ರದಲ್ಲಿ ಪೂರ್ತಿ ಬೆರೆಸಿಬಿಟ್ಟರು. ಈಗ ಎಲ್ಲಿ ನೋಡಿದರೂ ಒಂದೇ ಸಾಂದ್ರತೆ, ಹತ್ತಲು ಇಳಿಜಾರೇ ಇಲ್ಲ. ತಲೆಗೂ ಬಾಲಕ್ಕೂ ಹೋಲಿಸುವ ಜೀವಿಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ. ಆದರೂ ಎಲ್ಲ ಬ್ಯಾಕ್ಟೀರಿಯಾಗಳೂ ಒದ್ದಾಟ ಬಿಟ್ಟು ಕೆಲವು ನಿಮಿಷ ನೇರವಾಗಿ ಓಡಿದವು. ಬೆರೆಸಿ ಸಾಂದ್ರತೆಯನ್ನು ದಿಢೀರನೆ ತಗ್ಗಿಸಿದಾಗ ಕೆಲವು ಸೆಕೆಂಡು ಒಂದೇ ಸಮನೆ ಒದ್ದಾಡಿದವು. ಎರಡು ಸಂದರ್ಭಗಳಲ್ಲೂ ಆಮೇಲೆ ತಮ್ಮ ಹಳೆಯ ಚಾಳಿಗೆ ಮರಳಿದವು.

ಪ್ರಶ್ನೆ ಇಲ್ಲಿ ಇತ್ಯರ್ಥವಾಯಿತು. ಬ್ಯಾಕ್ಟೀರಿಯಾ ಹೋಲಿಸುವುದು ಇಲ್ಲಿಯದನ್ನೂ ಅಲ್ಲಿಯದನ್ನೂ ಅಲ್ಲ, ಈಗಿನದನ್ನೂ ಆಗಿನದನ್ನೂ. ಕತ್ತಲಲ್ಲಿ ಸಂಪಿಗೆಯ ಪರಿಮಳ ಹಿಡಿದು ನಡೆಯುವವರು ನಾಲ್ಕು ಹೆಜ್ಜೆ ಇಟ್ಟು, ವಾಸನೆ ಹೆಚ್ಚಾಯಿತೇ ಎಂದು ನೋಡುವ ಹಾಗೆ. ಒಂದು ಸೆಕೆಂಡು ಓಡಿದರೆ ಇ. ಕೋಲೈ ತನ್ನ ದೇಹದ ಹತ್ತು ಪಟ್ಟು ದೂರ ಕ್ರಮಿಸಿರುತ್ತದೆ. ಅದರ ಮೈಯೊಳಗೆ ತೋರದ ವ್ಯತ್ಯಾಸ ಅದರ ದಾರಿಯುದ್ದಕ್ಕೆ ತೋರುತ್ತದೆ. ಆದರೆ ಹಾಗೆ ಹೋಲಿಸಬೇಕಾದರೆ ನೆನಪು ಬೇಕು.

ನೆನಪಿಗೆ ಬರುವ ಮುನ್ನ ಓಟ ಮತ್ತು ಒದ್ದಾಟದ ಯಂತ್ರವನ್ನು ನೋಡಬೇಕು. ಬ್ಯಾಕ್ಟೀರಿಯಾ ಈಜುವುದು ಫ್ಲಾಜೆಲ್ಲಾಗಳಿಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಕಶಾಂಗ. ಕಶ ಎಂದರೆ ಚಾವಟಿ. ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ಇದು ಚಾವಟಿಯಂತೆ ಬಳುಕುತ್ತದೆ ಎಂಬ ನಂಬಿಕೆ ಹೆಸರಿನಲ್ಲೇ ಉಳಿದುಬಿಟ್ಟಿದೆ. 1973ರಲ್ಲಿ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್, ಅದು ಬಳುಕುವುದಿಲ್ಲ, ಬುಡದಲ್ಲಿ ಗಿರಗಿರನೆ ತಿರುಗುತ್ತದೆ ಎಂದು ವಾದಿಸಿದರು. ಮರುವರ್ಷ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಅದನ್ನು ಕಣ್ಣಿಗೆ ಕಾಣಿಸಿದರು. ಫ್ಲಾಜೆಲ್ಲಾದ ಬುಡವನ್ನು ಗಾಜಿಗೆ ಅಂಟಿಸಿದಾಗ, ಅದು ತಿರುಗಲಾರದೆ ಬ್ಯಾಕ್ಟೀರಿಯಾದ ಮೈಯೇ ಬುಗುರಿಯಂತೆ ಸುತ್ತತೊಡಗಿತು. ಸ್ವಲ್ಪ ಹೊತ್ತು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ.

ಆ ಎರಡು ದಿಕ್ಕುಗಳೇ ಓಟ ಮತ್ತು ಒದ್ದಾಟ. ಹಿಂದಿನಿಂದ ನೋಡಿದಾಗ ಮೋಟಾರುಗಳೆಲ್ಲ ಅಪ್ರದಕ್ಷಿಣವಾಗಿ ತಿರುಗಿದರೆ, ಸ್ಕ್ರೂನಂತೆ ಸುರುಳಿ ಸುತ್ತಿದ ಫ್ಲಾಜೆಲ್ಲಾಗಳು ಜಡೆಯಂತೆ ಹೆಣೆದುಕೊಂಡು ಬ್ಯಾಕ್ಟೀರಿಯಾವನ್ನು ಮುಂದಕ್ಕೆ ತಳ್ಳುತ್ತವೆ. ಒಂದೆರಡು ಮೋಟಾರು ಪ್ರದಕ್ಷಿಣವಾಗಿ ತಿರುಗಿದರೆ ಜಡೆ ಬಿಚ್ಚಿ ಹೋಗುತ್ತದೆ, ಮೈ ಎತ್ತಲೋ ಹೊರಳುತ್ತದೆ. ಆಡ್ಲರ್ ಅವರ ತಂಡ 1974ರಲ್ಲಿ, ಸೆಳೆಯುವ ವಸ್ತು ಸೇರಿಸಿದಾಗ ಮೋಟಾರು ಅಪ್ರದಕ್ಷಿಣಕ್ಕೆ ವಾಲುತ್ತದೆ ಎಂದು ತೋರಿಸಿತು.

ಈಗ ನೆನಪು. ಅದರ ಮೊದಲ ಸುಳಿವು ಆಡ್ಲರ್ ಅವರಿಗೆ 1967ರಲ್ಲೇ ಸಿಕ್ಕಿತ್ತು. ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಸಿಗದ ಬ್ಯಾಕ್ಟೀರಿಯಾಗಳು ಈಜುತ್ತವೆ, ಆದರೆ ಆಹಾರದತ್ತ ಹೋಗುವುದಿಲ್ಲ. ಕಾರಣ ತಿಳಿದದ್ದು 1970ರ ದಶಕದ ನಡುವೆ. ಮೆಥಿಯೊನಿನ್‌ನಿಂದ ಬರುವ ಮೀಥೈಲ್ ಎಂಬ ಪುಟ್ಟ ತುಣುಕನ್ನು ಬ್ಯಾಕ್ಟೀರಿಯಾ ತನ್ನ ಗ್ರಾಹಕಗಳ ಒಳಬದಿಗೆ ಅಂಟಿಸುತ್ತದೆ. ಗ್ರಾಹಕಕ್ಕೆ ಸೆರಿನ್ ಬಂದು ಕೂತರೆ, ಒದ್ದಾಡು ಎಂದು ಮೋಟಾರಿಗೆ ಹೋಗುವ ಸಂದೇಶ ಕೂಡಲೇ ತಗ್ಗುತ್ತದೆ, ಓಟ ಉದ್ದವಾಗುತ್ತದೆ. ಅದೇ ಹೊತ್ತಿಗೆ ಚೆ-ಆರ್ ಎಂಬ ಪ್ರೋಟೀನು ನಿಧಾನವಾಗಿ ಮೀಥೈಲ್ ಅಂಟಿಸುತ್ತ ಆ ಸಂದೇಶವನ್ನು ಹಳೆಯ ಮಟ್ಟಕ್ಕೆ ಏರಿಸುತ್ತದೆ. ಸೆರಿನ್ ಇಳಿದರೆ ಚೆ-ಬಿ ಎಂಬ ಪ್ರೋಟೀನು ಮೀಥೈಲ್ ಕಿತ್ತುಹಾಕುತ್ತದೆ. ಹೀಗಾಗಿ ಗ್ರಾಹಕದ ಮೇಲೆ ಕೂತ ಸೆರಿನ್ ಈ ಕ್ಷಣದ ವರದಿ, ಅಂಟಿದ ಮೀಥೈಲ್‌ಗಳ ಎಣಿಕೆ ಕೆಲವು ಸೆಕೆಂಡು ಹಿಂದಿನ ಟಿಪ್ಪಣಿ. ಇವೆರಡರ ವ್ಯತ್ಯಾಸವೇ ಮೋಟಾರಿಗೆ ತಲುಪುವುದು.

ಈ ಟಿಪ್ಪಣಿ ಎಷ್ಟು ಹಳೆಯದಿರಬಹುದು? 1986ರಲ್ಲಿ ಬರ್ಗ್ ಮತ್ತು ಸಂಗಡಿಗರು ಗಾಜಿಗೆ ಅಂಟಿಸಿದ ಬ್ಯಾಕ್ಟೀರಿಯಾಗಳಿಗೆ ಕ್ಷಣಿಕವಾಗಿ ಆಹಾರದ ರುಚಿ ತೋರಿಸಿ ಅಳೆದರು. ಅದು ಕಳೆದ ಒಂದು ಸೆಕೆಂಡನ್ನು ಅದಕ್ಕೂ ಹಿಂದಿನ ಸುಮಾರು ಮೂರು ಸೆಕೆಂಡಿನೊಂದಿಗೆ ಹೋಲಿಸುತ್ತದೆ. ಇನ್ನೂ ಹಿಂದಿನದನ್ನು ನೆನೆದು ಪ್ರಯೋಜನವಿಲ್ಲ. ಸುತ್ತಲಿನ ನೀರಿನ ಅಣುಗಳು ತಾಡಿಸುತ್ತಲೇ ಇರುವುದರಿಂದ ಹತ್ತು ಸೆಕೆಂಡಿನಲ್ಲಿ ಬ್ಯಾಕ್ಟೀರಿಯಾದ ಮುಖ ತಾನಾಗಿಯೇ ಬೇರೆ ಕಡೆಗೆ ತಿರುಗಿಹೋಗಿರುತ್ತದೆ. ಯಾವ ದಿಕ್ಕಿನ ನೆನಪು ಎಂಬುದೇ ಆಗ ಉಳಿಯದು.

ಟಿಪ್ಪಣಿ ತಿದ್ದಲಾಗದಿದ್ದರೆ ಏನಾಗುತ್ತದೆ ಎಂಬುದೂ ರೂಪಾಂತರಿಗಳಲ್ಲಿ ಕಾಣುತ್ತದೆ. ಚೆ-ಆರ್ ಇಲ್ಲದ ಬ್ಯಾಕ್ಟೀರಿಯಾ ಒದ್ದಾಡುವುದನ್ನೇ ಮರೆತು ಓಡುತ್ತದೆ. ಚೆ-ಬಿ ಇಲ್ಲದ್ದು ಓಡಲಾರದೆ ನಿಂತಲ್ಲೇ ಒದ್ದಾಡುತ್ತದೆ. ಎರಡಕ್ಕೂ ಫ್ಲಾಜೆಲ್ಲಾ ಇದೆ, ಮೋಟಾರು ಇದೆ, ಸೆರಿನ್ ಹಿಡಿಯುವ ಗ್ರಾಹಕವೂ ಇದೆ. ಫೆಫರ್ ಅವರ ನಳಿಕೆಯನ್ನು ಹತ್ತಿರದಲ್ಲೇ ಇಟ್ಟರೂ ಅವು ಅದರ ಬಾಯಿಗೆ ಮುತ್ತುವುದಿಲ್ಲ.